ಪುಟ್ಟವ್ವನ ಹುಟ್ಟಿದ ದಿನಗಳಿಗೆ

6ನೇ ಹುಟ್ಟುಹಬ್ಬಕ್ಕ

ಪುಟ್ಟವ್ವಾ, ಇದನ್ನ ಅಪ್ಪ ಓದಿ ಹೇಳ್ತಾನ. ನಿನಗಂತ ಕಿನ್ನಾಳದ ಬೊಂಬಿ ತಂದಿಟ್ಟೀನಿ. ಹೋಳಿಗಿಗೆ ತುಪ್ಪ ಜಾಸ್ತಿ ಹಾಕಿಸ್ಕೊ.

12ಕ್ಕ

ನನಗ ಬಂದಿದ್ದು ಸ್ತನದ ಕ್ಯಾನ್ಸರ್. ನಿನ್ನ ಹಡೆದಿದ್ದಕ್ಕ, ನೀ ಹಠ ಮಾಡಿದ್ದಕ್ಕ ಬಂದಿದ್ದಲ್ಲ. ಯಾರರ ಹಂಗಂದ್ರ ನಂಬಬ್ಯಾಡ. ಗವಿಮಠದ ಜಾತ್ರ್ಯಾಗ ಅಪ್ಪನ ಹೆಗಲ ಮ್ಯಾಲೆ ಕುಂತು ತೇರಿಗೆ ಉತ್ತತ್ತಿ ಒಗದು ನಕ್ಕಿದ್ದಿ. ಆವತ್ತು ನನಗ ನೋವೇ ನೆನಪಿರಲಿಲ್ಲ. ಅಪ್ಪ ಇನ್ನೊಂದು ಮದುವಿ ಆಗಿದ್ರ ಆಕಿನ್ನ ಅವ್ವಾ ಅಂತನ ಕರಿ, ನನಗ ಖುಷಿನ.

18ಕ್ಕ

ನನ್ನ ಬೋರಮಾಳ ಸರ ಅಜ್ಜಿ ಹತ್ರ ಐತಿ, ಅದು ನಿಂದು. ಮದುವಿಗಂತ ಕಾಯಬ್ಯಾಡ. ಓದಾಕ ರೊಕ್ಕ ಬೇಕಾದ್ರ ಮಾರು. ನನ್ನ ಕಾಯಿಲೆ ಸುದ್ದಿ ಡಾಕ್ಟರಿಗೆ ಹೇಳು, ತಪಾಸಣೆ ಯಾವಾಗಿಂದ ಮಾಡಿಸ್ಕೋಬೇಕು ಕೇಳು. ನಾಚಬ್ಯಾಡ, ಅಂಜಬ್ಯಾಡ.

ನಿನ್ನ ಅವ್ವ