ಸುಟ್ಟ ಗಾಯಕ್ಕೆ ಮೊದಲು ನೀರು: ಎಲ್ಲ ಅಡುಗೆಮನೆಗಳಿಗೆ ಸೂಚನೆ

ನಮ್ಮ ವಸತಿ ಸಮುಚ್ಚಯದ ಎಲ್ಲ ನಿವಾಸಿಗಳ ಹಾಗೂ ಮನೆಗೆಲಸಕ್ಕೆ ಬರುವವರ ಗಮನಕ್ಕೆ.

ಕಳೆದ ತಿಂಗಳು ನಮ್ಮ ಕಟ್ಟಡದಲ್ಲೇ ಎರಡು ವರ್ಷದ ಮಗುವೊಂದು ಕಟ್ಟೆಯ ಅಂಚಿನಲ್ಲಿದ್ದ ಸಾರಿನ ಪಾತ್ರೆಯನ್ನು ಎಳೆದುಕೊಂಡು ಮುಂಗೈ ಸುಟ್ಟುಕೊಂಡಿತು. ಗಾಬರಿಗೊಂಡ ಮನೆಯವರು ಟೂತ್‌ಪೇಸ್ಟನ್ನು ದಪ್ಪಗೆ ಬಳಿದು ಆಸ್ಪತ್ರೆಗೆ ಓಡಿದರು. ದಾರಿಯಲ್ಲೇ ಅದು ಒಣಗಿ ಸುಣ್ಣದಂತೆ ಕಚ್ಚಿಕೊಂಡದ್ದರಿಂದ, ಗಾಯ ಎಷ್ಟು ಆಳವಿದೆ ಎಂದು ನೋಡುವ ಮೊದಲು ನರ್ಸ್ ಅದನ್ನು ನೆನೆಸಿ ನೆನೆಸಿ ತೆಗೆಯಬೇಕಾಯಿತು. ಆ ಮಗು ಪಟ್ಟ ನೋವು ಇನ್ನೊಂದು ಮನೆಯಲ್ಲಿ ಮರುಕಳಿಸಬಾರದೆಂದು ಈ ಸೂಚನೆಯನ್ನು ಹಾಕಿದ್ದೇವೆ.

ಒಲೆಯಿಂದ ಅಥವಾ ಬಿಸಿ ಪಾತ್ರೆಯಿಂದ ದೂರ ಸರಿದ ಕೂಡಲೇ ಸುಟ್ಟ ಭಾಗವನ್ನು ನಲ್ಲಿಯ ಕೆಳಗೆ ಹಿಡಿದು, ಹರಿಯುವ ತಣ್ಣೀರಿನಲ್ಲಿ ಪೂರ್ತಿ 20 ನಿಮಿಷ ಇಡಬೇಕು. ಬೆಂಕಿ ದೂರವಾದರೂ ಚರ್ಮದೊಳಗೆ ಉಳಿದ ಶಾಖ ಸುಡುತ್ತಲೇ ಇರುತ್ತದೆ; ಎರಡು ನಿಮಿಷಕ್ಕೆ ಉರಿ ಇಳಿಯಿತೆಂದು ನಲ್ಲಿ ನಿಲ್ಲಿಸಬೇಡಿ, ಗಡಿಯಾರ ನೋಡಿಕೊಳ್ಳಿ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಬಕೆಟ್ಟಿನ ಶುದ್ಧ ನೀರನ್ನು ಚೊಂಬಿನಿಂದ ಸುರಿಯುತ್ತಿರಿ. ತಡವಾಗಿದ್ದರೂ ಮೂರು ಗಂಟೆಯೊಳಗೆ ನೀರು ಹಾಕಿದರೆ ಪ್ರಯೋಜನವಿದೆ. ಇದರ ನಡುವೆಯೇ, ಊತ ಬರುವ ಮುನ್ನ ಬಳೆ, ಉಂಗುರ, ವಾಚು ಬಿಚ್ಚಿಬಿಡಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬೇಡಿ. ಮಗುವಿನ ಉಳಿದ ಮೈಗೆ ಬೆಚ್ಚಗೆ ಹೊದಿಸಿ.

ಬೆಣ್ಣೆ, ತುಪ್ಪ, ಎಣ್ಣೆ ಹಚ್ಚಿದರೆ ಗಾಯ ತಂಪಾಗುತ್ತದೆ ಎಂಬುದು ತಪ್ಪು. ಜಿಡ್ಡು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಟೂತ್‌ಪೇಸ್ಟ್ ಕೊಡುವ ತಂಪು ಅದರಲ್ಲಿರುವ ಪುದೀನಾ ಸತ್ವದ ಅನುಭವವಷ್ಟೇ ಹೊರತು ಶಾಖ ಇಳಿದದ್ದಲ್ಲ. ಅರಿಶಿನ, ಇಂಕು, ಮೊಟ್ಟೆಯ ಬಿಳಿಭಾಗ ಗಾಯವನ್ನು ಮರೆಮಾಡಿ ಸೋಂಕಿಗೆ ದಾರಿ ಮಾಡುತ್ತವೆ. ಐಸ್ ಇಟ್ಟರೆ ಬೆಂದ ಚರ್ಮಕ್ಕೆ ಇನ್ನಷ್ಟು ಹಾನಿ. ಅಜ್ಜಿಯರು ಪ್ರೀತಿಯಿಂದಲೇ ಹೇಳಿಕೊಟ್ಟ ಮದ್ದುಗಳಿವು ಎಂಬುದು ನಮಗೂ ಗೊತ್ತು, ಆದರೂ ದಯವಿಟ್ಟು ಬಳಸಬೇಡಿ. ಬೊಬ್ಬೆಗಳನ್ನು ಒಡೆಯಬೇಡಿ. ತಣಿಸಿದ ಮೇಲೆ ಒಗೆದ, ನೂಲು ಬಿಡದ ಹತ್ತಿ ಬಟ್ಟೆಯನ್ನು ಬಿಗಿಯದೆ ಹೊದಿಸಿದರೆ ಸಾಕು. ಹತ್ತಿಯ ಉಂಡೆ ಬೇಡ.

ಗಾಯವು ಗಾಯಾಳುವಿನ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗ ಸುಟ್ಟಿದ್ದರೆ, ವಿದ್ಯುತ್ತಿನಿಂದ ಅಥವಾ ಆ್ಯಸಿಡ್‌ನಿಂದ ಆಗಿದ್ದರೆ, ಗಾಯಗೊಂಡವರು ಚಿಕ್ಕ ಮಕ್ಕಳು ಅಥವಾ ವೃದ್ಧರಾಗಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಚರ್ಮ ಬಿಳಿಚಿ ಅಥವಾ ಕಪ್ಪಾಗಿ, ನೋವೇ ಇಲ್ಲದಿದ್ದರೆ ಸಮಾಧಾನಪಡಬೇಡಿ. ನರಗಳೂ ಸುಟ್ಟಿರುವ ಆಳದ ಗಾಯ ಅದು. ವಿದ್ಯುತ್ ತಗುಲಿದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ.

ಸೀರೆಗೆ ಅಥವಾ ದುಪಟ್ಟಾಕ್ಕೆ ಬೆಂಕಿ ಹತ್ತಿದರೆ ಓಡಬಾರದು, ಗಾಳಿಗೆ ಉರಿ ಹೆಚ್ಚುತ್ತದೆ. ನೆಲಕ್ಕೆ ಮಲಗಿ ಉರುಳಬೇಕು. ಪಕ್ಕದಲ್ಲಿರುವವರು ದಪ್ಪ ಕಂಬಳಿ ಹೊದಿಸಿ ಬೆಂಕಿ ನಂದಿಸಿ, ಆಮೇಲೆ ಕಂಬಳಿ ತೆಗೆದು ನೀರು ಹಾಕಬೇಕು.

ಆಂಬ್ಯುಲೆನ್ಸ್‌ಗೆ 108, ಇತರ ತುರ್ತಿಗೆ 112. ಈ ಹಾಳೆಯ ಪ್ರತಿಯನ್ನು ಕಾವಲುಗಾರರ ಕೊಠಡಿಯಲ್ಲಿ ಪಡೆದು ಸಿಂಕಿನ ಮೇಲ್ಭಾಗದ ಗೋಡೆಗೆ ಅಂಟಿಸಿಕೊಳ್ಳಿ.

ಆರೋಗ್ಯ ಸಮಿತಿ, ನಿವಾಸಿಗಳ ಸಂಘ