ಆಧಾರ ಗದ್ಯಭಾಗದ ಪ್ರಶ್ನೆಗಳು: ಇತಿಹಾಸ, ಹತ್ತನೇ ತರಗತಿ, ಮಂಡ್ಯ

ಕೆಳಗಿನ ಗದ್ಯಭಾಗವನ್ನು ನಿಧಾನವಾಗಿ ಓದಿ, ಅದರಲ್ಲಿರುವುದನ್ನಷ್ಟೇ ಆಧರಿಸಿ ಉತ್ತರಿಸಿರಿ. ಪಠ್ಯಪುಸ್ತಕದಲ್ಲಿ ಓದಿದ್ದು ಅಥವಾ ಮನೆಯ ಹಿರಿಯರಿಂದ ಕೇಳಿದ್ದು ನಿಜವೇ ಆಗಿದ್ದರೂ ಇಲ್ಲಿ ಅದಕ್ಕೆ ಅಂಕವಿಲ್ಲ.

ಗದ್ಯಭಾಗ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1911ರಲ್ಲಿ, ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸ ಆರಂಭವಾಯಿತು. ಕಲ್ಲಿನ ಕಟ್ಟಡಕ್ಕೆ ಸುರ್ಕಿ ಗಾರೆಯನ್ನು ಬಳಸಲಾಯಿತು. ಹಳೆಯ ಕನ್ನಂಬಾಡಿ ಊರು, ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯದೊಂದಿಗೆ, ಹಿನ್ನೀರಿನಲ್ಲಿ ಮುಳುಗಿತು. ಮುಂದೆ ನಾಲೆಯ ನೀರು ಮಂಡ್ಯದ ಜಮೀನುಗಳಿಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು.

ಪ್ರಶ್ನೆಗಳು

1. ಕಟ್ಟಡಕ್ಕೆ ಬಳಸಿದ ಗಾರೆ ಯಾವುದು? (1 ಅಂಕ)

2. ಅಣೆಕಟ್ಟಿನಿಂದ ಒಂದೆಡೆ ಆದ ನಷ್ಟವನ್ನೂ ಇನ್ನೊಂದೆಡೆ ಆದ ಲಾಭವನ್ನೂ ಗದ್ಯಭಾಗದ ವಾಕ್ಯಗಳನ್ನು ತೋರಿಸಿ ವಿವರಿಸಿರಿ. (3 ಅಂಕ)

3. ನಾಲೆಯ ನೀರು ಬಂದುದರಿಂದಲೇ ಸಕ್ಕರೆ ಕಂಪನಿ ಸ್ಥಾಪನೆಯಾಯಿತು ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದಾನೆ. ಗದ್ಯಭಾಗ ಹಾಗೆ ಹೇಳುತ್ತದೆಯೇ, ಅಥವಾ ಎರಡು ಸಂಗತಿಗಳನ್ನು ಒಂದರ ನಂತರ ಒಂದಾಗಿ ಇಟ್ಟಿದೆಯೇ? ಕಾರಣ ಕೊಟ್ಟು ಬರೆಯಿರಿ. (4 ಅಂಕ)

4. ಊರು ಬಿಟ್ಟವರು ಎಲ್ಲಿ ನೆಲೆಸಿದರು? ಉತ್ತರ ಗದ್ಯಭಾಗದಲ್ಲಿ ಇಲ್ಲವೆಂದು ಕಂಡರೆ ಹಾಗೆಯೇ ಬರೆಯಿರಿ. ಅದಕ್ಕೂ ಪೂರ್ಣ ಅಂಕವಿದೆ. (2 ಅಂಕ)