ರಾಡ್ ಹಿಡಿಯುವ ಮುಂಚಿನ ಹತ್ತು ನಿಮಿಷ: ಹೊಸ ಬ್ಯಾಚ್‌ನವರಿಗೆ

ಸೋಮವಾರದಿಂದ ಬೆಳಿಗ್ಗೆ 6ರ ಬ್ಯಾಚ್‌ಗೆ ಬರುತ್ತಿರುವ ಎಲ್ಲರಿಗೂ ಇದು. ಮೊದಲ ಎಂಟು ವಾರ ಸೋಮವಾರ ಸ್ಕ್ವಾಟ್, ಬುಧವಾರ ಬೆಂಚ್ ಪ್ರೆಸ್, ಶುಕ್ರವಾರ ಡೆಡ್‌ಲಿಫ್ಟ್ ಮಾಡುತ್ತೀರಿ. ಮೂರೂ ದಿನ ವಾರ್ಮ್‌ಅಪ್ ಒಂದೇ, ಕೊನೆಯ ಎರಡು ನಿಮಿಷ ಮಾತ್ರ ಆ ದಿನದ ಲಿಫ್ಟ್‌ಗೆ ತಕ್ಕಂತೆ ಬದಲಾಗುತ್ತದೆ. ಬೇಕೆಂದೇ ಹೀಗೆ ಇಟ್ಟಿದ್ದೇನೆ. ಪ್ರತಿ ಸಲ ಅದೇ ಚಲನೆಗಳನ್ನು ಮಾಡುವವರಿಗೆ ಇವತ್ತು ಎಡ ಸೊಂಟ ಬಿಗಿದಿದೆ, ಬಲ ಭುಜ ಸಲೀಸಾಗಿ ಏಳುತ್ತಿಲ್ಲ ಎಂಬುದು ತೂಕ ಹೊರುವ ಮೊದಲೇ ಗೊತ್ತಾಗುತ್ತದೆ. ಗೊತ್ತಾದರೆ ಆ ದಿನದ ತೂಕ ಇಳಿಸಬಹುದು. ಹೊಸಬರಿಗೆ ವಾರ್ಮ್‌ಅಪ್ ಕೊಡುವ ದೊಡ್ಡ ರಕ್ಷಣೆ ಇದೇ ಎಂದು ನಾನು ನಂಬಿದ್ದೇನೆ.

ಉಳಿದ ಲಾಭಗಳೂ ಸಣ್ಣವಲ್ಲ. ಬಿಸಿಯಾದ ಸ್ನಾಯು ತಣ್ಣನೆಯ ಸ್ನಾಯುವಿಗಿಂತ ಬೇಗ ಸಂಕುಚಿಸುತ್ತದೆ, ಸುಲಭವಾಗಿ ಹಿಗ್ಗುತ್ತದೆ. ಕೀಲುಗಳೊಳಗಿನ ಜಾರುದ್ರವ ಚಲನೆಯಿಂದ ತೆಳುವಾಗಿ ಎಲ್ಲ ಕಡೆ ಹರಡುತ್ತದೆ. ಹಾಗೆಂದು ವಾರ್ಮ್‌ಅಪ್ ಮಾಡಿದವರಿಗೆ ಗಾಯವೇ ಆಗದು ಎಂದು ನಾನು ಹೇಳುವುದಿಲ್ಲ. ಒಂದೇ ವಾರದಲ್ಲಿ ತೂಕವನ್ನು ವಿಪರೀತ ಏರಿಸಿದರೆ ಯಾವ ವಾರ್ಮ್‌ಅಪ್ಪೂ ಕಾಯುವುದಿಲ್ಲ. ನಾರ್ವೆಯಲ್ಲಿ ಹದಿಹರೆಯದ ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರಮಬದ್ಧ ವಾರ್ಮ್‌ಅಪ್ ಮಾಡಿದ ತಂಡಗಳಲ್ಲಿ ತೀವ್ರ ಗಾಯಗಳು ಕಡಿಮೆಯಾಗಿದ್ದವು. ಆ ವಾರ್ಮ್‌ಅಪ್‌ನಲ್ಲಿ ಬರೀ ಓಟ ಇರಲಿಲ್ಲ. ಬಲ, ಸಮತೋಲನ, ಮಂಡಿಯನ್ನು ಸರಿಯಾದ ಸಾಲಿನಲ್ಲಿ ಇಡುವ ಅಭ್ಯಾಸ ಎಲ್ಲವೂ ಇದ್ದವು. ಆಟ ಬೇರೆ, ತೂಕ ಎತ್ತುವುದು ಬೇರೆ. ಆದರೂ ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ನಡೆದು ನೇರವಾಗಿ ರಾಡ್ ಕೆಳಗೆ ಹೋಗುವುದು ಸಾಲದು ಎಂಬ ಪಾಠ ನಮಗೂ ಹೊಂದುತ್ತದೆ.

ಬೆಳಗಿನವರಿಗೆ ಒಂದು ವಿಶೇಷ ಸೂಚನೆ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಎದ್ದ ಕೂಡಲೇ ಬೆನ್ನು ಬಾಗಿಸಿದರೆ ಅವುಗಳ ಮೇಲೆ ಬೀಳುವ ಒತ್ತಡ ದಿನದ ಬೇರೆ ಹೊತ್ತಿಗಿಂತ ಹೆಚ್ಚು. ಆದ್ದರಿಂದ 5 ಗಂಟೆಗಾದರೂ ಹಾಸಿಗೆ ಬಿಟ್ಟಿರಿ, ಸ್ವಲ್ಪ ಓಡಾಡಿರಿ. ಬಂದ ತಕ್ಷಣ ಬಗ್ಗಿ ಕಾಲ್ಬೆರಳು ಮುಟ್ಟುವ ವ್ಯಾಯಾಮ ನಮ್ಮ ಪಟ್ಟಿಯಲ್ಲೇ ಇಲ್ಲ.

ಗಡಿಯಾರ ಶುರು ಮಾಡಿ.

0 – 2 ನಿಮಿಷ: ಮೈ ಬಿಸಿ

ಚುರುಕು ನಡಿಗೆ, ಸೈಕಲ್, ರೋಯಿಂಗ್ ಮೆಷಿನ್, ಯಾವುದಾದರೂ ಸರಿ. ಮೊದಲ ನಿಮಿಷ ನಿಧಾನ, ಎರಡನೆಯದು ಸ್ವಲ್ಪ ಬಿರುಸು. ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆದರೆ ಉಸಿರು ಮಾಮೂಲಿಗಿಂತ ವೇಗವಾಗಿರಬೇಕು. ಏದುಸಿರು ಬಂದರೆ ಅತಿಯಾಯಿತು.

2 – 3: ಪಾದದ ಗಂಟು

ಗೋಡೆಗೆ ಎದುರಾಗಿ ನಿಂತು ಒಂದು ಪಾದವನ್ನು ಗೋಡೆಯಿಂದ ನಾಲ್ಕು ಬೆರಳಗಲ ಹಿಂದೆ ಇಡಿ. ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಮುಂದೆ ತಂದು ಗೋಡೆಗೆ ತಾಗಿಸಿ, ಹಿಂದೆ ಬನ್ನಿ. ಮಂಡಿ ಎರಡನೇ ಕಾಲ್ಬೆರಳಿನ ನೇರಕ್ಕೇ ಹೋಗಲಿ, ಒಳಕ್ಕೆ ವಾಲಬಾರದು. ಒಂದೊಂದು ಕಾಲಿಗೆ 8 ಸಲ. ಸುಲಭವೆನಿಸಿದರೆ ಪಾದವನ್ನು ಇನ್ನಷ್ಟು ಹಿಂದಿಡಿ. ಸುಮಾರು 10 ಸೆಂ.ಮೀ. ದೂರದಿಂದ ಮಂಡಿ ಗೋಡೆ ಮುಟ್ಟುತ್ತಿದ್ದರೆ ಸ್ಕ್ವಾಟ್‌ಗೆ ಸಾಮಾನ್ಯವಾಗಿ ಸಾಕು.

ಇದನ್ನು ಬಿಟ್ಟುಬಿಡೋಣ ಎಂದು ಅನೇಕರಿಗೆ ಅನಿಸುತ್ತದೆ. ದಯವಿಟ್ಟು ಬಿಡಬೇಡಿ. ಪಾದದ ಗಂಟು ಮಡಚದಿದ್ದರೆ ಸ್ಕ್ವಾಟ್‌ನಲ್ಲಿ ಕೆಳಗೆ ಇಳಿಯುವಾಗ ಹಿಮ್ಮಡಿ ಏಳುತ್ತದೆ, ಇಲ್ಲವೇ ಎದೆ ಮುಂದಕ್ಕೆ ಬಿದ್ದು ಭಾರವೆಲ್ಲ ಕೆಳಬೆನ್ನಿಗೆ ಹೋಗುತ್ತದೆ. “ಸ್ಕ್ವಾಟ್ ಮಾಡಿದರೆ ಬೆನ್ನು ನೋಯುತ್ತದೆ ಸರ್” ಎನ್ನುವವರಲ್ಲಿ ನಾನು ಮೊದಲು ನೋಡುವುದೇ ಪಾದವನ್ನು.

3 – 4:30: ಬೆನ್ನು ಮತ್ತು ಸೊಂಟ

ಅಂಬೆಗಾಲಿನ ಭಂಗಿಗೆ ಬನ್ನಿ. ಅಂಗೈ ಭುಜದ ಕೆಳಗೆ, ಮಂಡಿ ಸೊಂಟದ ಕೆಳಗೆ. ಉಸಿರು ಬಿಡುತ್ತಾ ಬೆನ್ನನ್ನು ಮೇಲಕ್ಕೆ ಗುಂಡಾಗಿಸಿ, ಉಸಿರು ಎಳೆಯುತ್ತಾ ನಿಧಾನವಾಗಿ ಕೆಳಗೆ ಇಳಿಸಿ. 6 ಸಲ. ಎರಡೂ ತುದಿಗಳಲ್ಲಿ ಜೋರಾಗಿ ಒತ್ತುವುದು ಬೇಡ. ಇದು ಬೆನ್ನನ್ನು ಎಳೆಯುವ ವ್ಯಾಯಾಮವಲ್ಲ, ಆಡಿಸುವ ವ್ಯಾಯಾಮ.

ನಂತರ ಬಲ ಮಂಡಿ ನೆಲಕ್ಕೂರಿ, ಎಡ ಪಾದ ಮುಂದಿಡಿ. ಊರಿದ ಕಡೆಯ ಪೃಷ್ಠವನ್ನು ಬಿಗಿಹಿಡಿದು ಇಡೀ ದೇಹವನ್ನು ಸ್ವಲ್ಪ ಮುಂದಕ್ಕೆ ತನ್ನಿ, ಹಿಂದಕ್ಕೆ ಹೋಗಿ. ತೊಡೆಯ ಮುಂಭಾಗದಲ್ಲಿ ಸೆಳೆತ ಗೊತ್ತಾಗಬೇಕು. ಒಂದೊಂದು ಕಡೆಗೆ 6 ಸಲ. ಪೃಷ್ಠ ಸಡಿಲ ಬಿಟ್ಟರೆ ಕೆಳಬೆನ್ನು ಬಳುಕಿಬಿಡುತ್ತದೆ. ಮುಂದೆ ಹೋದಂತೆ ಕಂಡರೂ ಸೊಂಟ ತೆರೆದುಕೊಂಡಿರುವುದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇಲ್ಲಿ ಹೆಚ್ಚು ಬಿಗಿತ ಸಿಗುವುದು ಸಹಜ.

4:30 – 5:30: ಮೇಲ್ಬೆನ್ನಿನ ತಿರುವು

ಮತ್ತೆ ಅಂಬೆಗಾಲು. ಪೃಷ್ಠವನ್ನು ಹಿಮ್ಮಡಿಗಳ ಕಡೆಗೆ ತುಸು ಹಿಂದಕ್ಕೆ ತನ್ನಿ, ಹಾಗೆ ಮಾಡಿದರೆ ಕೆಳಬೆನ್ನು ತಿರುಗದೆ ನಿಲ್ಲುತ್ತದೆ. ಒಂದು ಕೈಯನ್ನು ತಲೆಯ ಹಿಂದಿಟ್ಟು, ಮೊಣಕೈಯನ್ನು ನೆಲದ ಕಡೆಗೆ ತಂದು, ಆಮೇಲೆ ಸೂರಿನ ಕಡೆಗೆ ತಿರುಗಿಸಿ. ಕಣ್ಣು ಮೊಣಕೈಯನ್ನೇ ಹಿಂಬಾಲಿಸಲಿ. ಒಂದೊಂದು ಕಡೆಗೆ 5 ಸಲ.

5:30 – 7: ನೆಲದ ಮೇಲೆ ಎರಡು

ಅಂಗಾತ ಮಲಗಿ ಮಂಡಿ ಮಡಚಿ, ಹಿಮ್ಮಡಿಯಿಂದ ನೆಲ ಒತ್ತಿ ಸೊಂಟ ಎತ್ತಿ. ಮೇಲೆ ಎರಡು ಎಣಿಸುವಷ್ಟು ನಿಂತು ಇಳಿಸಿ. 10 ಸಲ. ಪೃಷ್ಠದ ಬದಲು ತೊಡೆಯ ಹಿಂಭಾಗ ಹಿಡಿದುಕೊಂಡಂತಾದರೆ ಪಾದಗಳನ್ನು ಇನ್ನೂ ಹತ್ತಿರ ಎಳೆದುಕೊಳ್ಳಿ.

ಅಲ್ಲೇ ಮಲಗಿ ಕೈಗಳನ್ನು ನೇರ ಮೇಲೆತ್ತಿ, ಮಂಡಿಗಳನ್ನು ಸೊಂಟದ ಮೇಲಕ್ಕೆ ತನ್ನಿ. ಬಲಗೈ ತಲೆಯಾಚೆಗೂ ಎಡಗಾಲು ಮುಂದಕ್ಕೂ ಒಟ್ಟಿಗೆ ಚಾಚಿ ವಾಪಸ್ ತನ್ನಿ, ಆಮೇಲೆ ಇನ್ನೊಂದು ಜೋಡಿ. ಒಂದೊಂದು ಜೋಡಿಗೆ 5 ಸಲ. ಕಾಲು ಚಾಚುವಾಗ ಉಸಿರು ಬಿಡಿ. ಕೆಳಬೆನ್ನು ನೆಲದಿಂದ ಏಳತೊಡಗಿದರೆ ಕಾಲನ್ನು ಅಷ್ಟು ದೂರ ಚಾಚಬೇಡಿ. ನೋಡಲು ಏನೂ ಅಲ್ಲ ಎನಿಸುವ ಈ ಚಲನೆಗೆ ನಾನು ತುಂಬ ಬೆಲೆ ಕೊಡುತ್ತೇನೆ. ಕೈಕಾಲು ಆಡುತ್ತಿರುವಾಗಲೂ ನಡುವನ್ನು ಅಲುಗದಂತೆ ಹಿಡಿಯುವುದನ್ನು ಇದು ಕಲಿಸುತ್ತದೆ, ಮತ್ತು ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಕಾಯುವ ಕೌಶಲ ಅದೇ.

7 – 8: ಭುಜ

ದಂಡ ಹೊಡೆಯುವ ಭಂಗಿಯಲ್ಲಿ, ಬೇಕಾದರೆ ಮಂಡಿ ಊರಿಕೊಂಡು, ಮೊಣಕೈ ಮಡಚದೆ ಎದೆಯನ್ನು ಎರಡು ಭುಜಗಳ ನಡುವೆ ಇಳಿಸಿ, ನೆಲ ತಳ್ಳಿ ಮೇಲೆ ಬನ್ನಿ. 8 ಸಲ. ಆಡಬೇಕಾದುದು ಬೆನ್ನ ಮೇಲಿನ ಎರಡು ಹೆಗಲ ಮೂಳೆಗಳು ಮಾತ್ರ. ಬಳಿಕ ಎದ್ದುನಿಂತು ಬ್ಯಾಂಡನ್ನು ಎದೆಯ ಮಟ್ಟದಲ್ಲಿ ಹಿಡಿದು ಎರಡೂ ಕಡೆ ಎಳೆಯಿರಿ, 10 ಸಲ. ಭುಜಗಳನ್ನು ಕಿವಿಯತ್ತ ಏರಿಸಬೇಡಿ.

8 – 10: ಇವತ್ತಿನ ಲಿಫ್ಟ್

ಸೋಮವಾರ: ತೂಕವಿಲ್ಲದೆ ನಿಧಾನವಾಗಿ 5 ಬಸ್ಕಿ. ಕೆಳಗೆ ಮೂರು ಸೆಕೆಂಡ್ ಕೂತು, ಮೊಣಕೈಯಿಂದ ಮಂಡಿಗಳನ್ನು ಹೊರಕ್ಕೆ ಮೆಲ್ಲಗೆ ತಳ್ಳಿ. ಆಮೇಲೆ ಖಾಲಿ ರಾಡ್ ಹೊತ್ತು 8 ಸ್ಕ್ವಾಟ್.

ಬುಧವಾರ: ಬೆಂಚಿನ ಅಂಚಿಗೆ ಕೈಕೊಟ್ಟು 6 ದಂಡ, ನಂತರ ಖಾಲಿ ರಾಡ್‌ನಲ್ಲಿ 10 ಬೆಂಚ್ ಪ್ರೆಸ್. ರಾಡ್ ಎದೆಗೆ ತಾಗಿದಾಗ ಒಂದು ಕ್ಷಣ ನಿಲ್ಲಿಸಿ.

ಶುಕ್ರವಾರ: ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು ಸೊಂಟ ಹಿಂದಕ್ಕೆ ತಳ್ಳುತ್ತಾ 6 ಸಲ ಬಾಗಿ. ತಲೆ, ಮೇಲ್ಬೆನ್ನು, ಸೊಂಟದ ಹಿಂದಿನ ಮೂಳೆ ಮೂರೂ ಕೋಲಿಗೆ ಅಂಟಿರಬೇಕು. ಆಮೇಲೆ ಖಾಲಿ ರಾಡನ್ನು ಸ್ಟ್ಯಾಂಡಿನಿಂದ ತೆಗೆದುಕೊಂಡು ಮಂಡಿಯ ಕೆಳಗಿನವರೆಗೆ ಇಳಿಸಿ ಎತ್ತಿ, 8 ಸಲ. ಪ್ಲೇಟ್ ಹಾಕದ ರಾಡ್ ನೆಲದಲ್ಲಿ ತೀರಾ ಕೆಳಗಿರುತ್ತದೆ, ಅದನ್ನು ನೆಲದಿಂದ ಎತ್ತಲು ಹೋಗಿ ಬೆನ್ನು ಗೂನು ಮಾಡಿಕೊಳ್ಳಬೇಡಿ.

ನಮ್ಮ ಉದ್ದನೆಯ ರಾಡ್‌ಗಳು ಖಾಲಿಯಿದ್ದಾಗಲೇ 20 ಕೆ.ಜಿ., ಮೂಲೆಯಲ್ಲಿರುವ ಸಣ್ಣವು 15 ಕೆ.ಜಿ. ಇವೂ ಭಾರ ಎನಿಸುವವರು ಹಗುರ ಡಂಬೆಲ್ ಹಿಡಿಯಿರಿ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ.

ಇಲ್ಲಿಗೆ ಹತ್ತು ನಿಮಿಷ ಮುಗಿಯಿತು. ಆದರೆ ಖಾಲಿ ರಾಡ್‌ನಿಂದ ಒಂದೇ ಜಿಗಿತಕ್ಕೆ ಆ ದಿನದ ತೂಕಕ್ಕೆ ಹೋಗಬಾರದು. ಇವತ್ತಿನ ಸ್ಕ್ವಾಟ್ 40 ಕೆ.ಜಿ. ಎಂದುಕೊಳ್ಳಿ: 20ರಲ್ಲಿ 8 ಆಗಿದೆ, 30ರಲ್ಲಿ 5, 35ರಲ್ಲಿ 2, ಆಮೇಲೆ 40. ನಡುವೆ ಒಂದು ನಿಮಿಷ ವಿರಾಮ ಸಾಕು. ತೂಕ ಏರಿದಂತೆ ರೆಪ್, ಅಂದರೆ ಎತ್ತುವ ಸಲ, ಇಳಿಯುತ್ತದೆ. ಈ ಸೆಟ್‌ಗಳಲ್ಲಿ ದಣಿಯಬಾರದು. ಪ್ರತಿ ರೆಪ್ಪನ್ನೂ ಭಾರದ ಸೆಟ್ಟಿನಷ್ಟೇ ಶಿಸ್ತಿನಿಂದ ಮಾಡಿ, ಏಕೆಂದರೆ ಹಗುರ ತೂಕವನ್ನು ಹೇಗೋ ಎತ್ತಿದವರು ಭಾರವನ್ನೂ ಹಾಗೇ ಎತ್ತುತ್ತಾರೆ.

ಒಂದೇ ಭಂಗಿಯಲ್ಲಿ ಎಳೆದು ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಯಾಕಿಲ್ಲ ಎಂದು ಕೇಳಬಹುದು. ಒಂದು ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಸ್ವಲ್ಪ ಹೊತ್ತಿನ ಮಟ್ಟಿಗೆ ಅದರ ಬಲ ತುಸು ಕುಗ್ಗುತ್ತದೆ. ಇಷ್ಟವಿರುವವರು ಲಿಫ್ಟ್ ಮುಗಿದ ಮೇಲೆ ಮಾಡಿ.

ತಡವಾಗಿ ಬಂದ ದಿನ ಮೊದಲ ಎರಡು ನಿಮಿಷ ಮತ್ತು ಕೊನೆಯ ಎರಡು ನಿಮಿಷ ಉಳಿಸಿಕೊಳ್ಳಿ, ನಡುವಿನಿಂದ ನಿಮಗೆ ಹೆಚ್ಚು ಬಿಗಿಯಿರುವ ಒಂದನ್ನು ಆರಿಸಿ. ತೂಕ ಏರಿಸುವ ಸೆಟ್‌ಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಸೆಳೆತ, ಬಿಗಿತ, ಬಿಸಿ ಇವೆಲ್ಲ ಇರುವಂಥವೇ. ಕೀಲಿನೊಳಗೆ ಚುಚ್ಚಿದಂತಾದರೆ, ಕಾಲಿಗೋ ಕೈಗೋ ಜೋಮು ಹಿಡಿದರೆ, ಮಾಡಿದಷ್ಟೂ ನೋವು ಏರುತ್ತಿದ್ದರೆ ಅಲ್ಲೇ ನಿಲ್ಲಿಸಿ ನನ್ನನ್ನು ಕರೆಯಿರಿ. ಆ ದಿನ ಬೇರೆ ವ್ಯಾಯಾಮ ಹುಡುಕೋಣ. ಎದೆನೋವು ಅಥವಾ ತಲೆಸುತ್ತು ಬಂದರೆ ವ್ಯಾಯಾಮದ ಮಾತೇ ಇಲ್ಲ, ವೈದ್ಯರನ್ನು ಕಾಣಬೇಕು. ಹಳೆಯ ಪೆಟ್ಟು, ಶಸ್ತ್ರಚಿಕಿತ್ಸೆ, ರಕ್ತದೊತ್ತಡ, ಗರ್ಭಧಾರಣೆ ಯಾವುದೇ ಇದ್ದರೂ ವೈದ್ಯರ ಒಪ್ಪಿಗೆ ಪಡೆದು, ಸೋಮವಾರ ಶುರುವಾಗುವ ಮೊದಲೇ ನನಗೆ ತಿಳಿಸಿ.

ತೆಳು ಅಡಿಯ ಶೂ ಮತ್ತು ನೀರಿನ ಬಾಟಲಿ ತನ್ನಿ, ಬ್ಯಾಂಡ್ ಮತ್ತು ಕೋಲು ಇಲ್ಲೇ ಇವೆ. ಮೊದಲ ವಾರ ನಿಮಿಷಗಳನ್ನು ನಾನೇ ಕೂಗಿ ಹೇಳುತ್ತೇನೆ, ಎರಡನೇ ವಾರದಿಂದ ನೀವೇ ಗಡಿಯಾರ ನೋಡಿಕೊಂಡು ಮಾಡಬೇಕು.